ಫೋಟೊ ನೋಡಿ ವಿಜ್ಞಾನ ಮಾದರಿ ಆರಿಸುವುದು ಹೇಗೆ: ಸಿರಿಂಜ್ ತೋಳು, ಜಲವಿದ್ಯುತ್ ಚಕ್ರ, ನೀರಿನ ಅಲಾರಂಗಳ ಹೋಲಿಕೆ

ತಾಲ್ಲೂಕು ಮಟ್ಟದ ವಿಜ್ಞಾನ ವಸ್ತುಪ್ರದರ್ಶನಕ್ಕೆ ಶಾಲೆಯಿಂದ ಒಂದೇ ಮಾದರಿ ಹೋಗಬೇಕು, ಆದರೆ ಮಕ್ಕಳು ಮನೆಯಲ್ಲಿ ಮಾಡಿದ ಐದಾರು ಮಾದರಿಗಳ ಫೋಟೊಗಳು ಶಿಕ್ಷಕರ ಮೊಬೈಲಿನಲ್ಲಿ ಸಾಲಾಗಿ ಬಂದು ನಿಂತಿವೆ. ಎಲ್ಲವನ್ನೂ ಶಾಲೆಗೆ ತರಿಸಿ ನಡೆಸಿ ನೋಡಲು ಸಮಯವಿಲ್ಲದಾಗ ಆ ಫೋಟೊಗಳಿಂದಲೇ ಒಂದನ್ನು ಆರಿಸಬೇಕಾಗುತ್ತದೆ. ಮಗ ಅಥವಾ ಮಗಳಿಗೆ ಯಾವ ಮಾದರಿ ಮಾಡಿಸಲಿ ಎಂದು ಅಂತರ್ಜಾಲದ ಚಿತ್ರಗಳನ್ನು ನೋಡುತ್ತ ಕುಳಿತ ಪೋಷಕರದೂ ಇದೇ ಪಾಡು. ಇಬ್ಬರಿಗೂ ಎದುರಾಗುವ ಅಡಚಣೆ ಒಂದೇ: ಫೋಟೊದಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಣ್ಣ, ಥರ್ಮಾಕೋಲಿನ ಗುಡ್ಡ ಮತ್ತು ಹೊಳೆಯುವ ಎಲ್‌ಇಡಿ; ಸಡಿಲವಾದ ಕೀಲು, ಸೋರುವ ಕೊಳವೆ, ಬಿಟ್ಟುಹೋಗುವ ತಂತಿ ಇವು ಕಾಣುವುದಿಲ್ಲ. ಆದರೂ ಎಲ್ಲಿ ನೋಡಬೇಕೆಂದು ತಿಳಿದಿದ್ದರೆ ಫೋಟೊ ಸಾಕಷ್ಟು ಹೇಳುತ್ತದೆ. ನಮ್ಮ ಶಾಲೆಗಳಲ್ಲಿ ಮತ್ತೆ ಮತ್ತೆ ಕಾಣುವ ಮೂರು ಮಾದರಿಗಳನ್ನು ಇಲ್ಲಿ ವಿವರವಾಗಿ ತೂಗಿ ನೋಡಿದ್ದೇನೆ. ಕೈಬಿಡಬೇಕಾದ ಎರಡನ್ನು ಕೊನೆಯಲ್ಲಿ ಚುಟುಕಾಗಿ ಹೇಳಿದ್ದೇನೆ.

ಯಾವ ಅಳತೆಗೋಲಿನಿಂದ ನೋಡಬೇಕು

ಸುರಕ್ಷತೆ, ವಿಚಾರದ ಸ್ಪಷ್ಟತೆ, ಕಟ್ಟಿದ ಗುಣಮಟ್ಟ ಎಂಬ ಮೂರು ಮಾನದಂಡಗಳನ್ನು ಬಹಳ ಮಂದಿ ಅಂಕಗಳಾಗಿ ಹಂಚಿ ಕೂಡಿಸುತ್ತಾರೆ. ಹಾಗೆ ಮಾಡುವುದು ಸರಿಯೆಂದು ನನಗೆ ತೋರುವುದಿಲ್ಲ. ಸುರಕ್ಷತೆಯನ್ನು ಬೇರೆ ಅಂಕಗಳೊಡನೆ ಕೂಡಿಸಿದರೆ, 230 ವೋಲ್ಟಿನ ತೆರೆದ ತಂತಿಯಿರುವ ಮಾದರಿಯೂ ಅಚ್ಚುಕಟ್ಟಾದ ಕೆಲಸದ ಬಲದಿಂದ ಮೊದಲ ಸ್ಥಾನಕ್ಕೆ ಬಂದುಬಿಡಬಹುದು. ಆದ್ದರಿಂದ ಸುರಕ್ಷತೆಯನ್ನು ಹೊಸ್ತಿಲಾಗಿ ಇಟ್ಟುಕೊಳ್ಳಬೇಕು: ದಾಟಿದರೆ ಒಳಗೆ, ಇಲ್ಲದಿದ್ದರೆ ತಿದ್ದಿಕೊಂಡು ಬರಲಿ. ದಾಟಿ ಬಂದವುಗಳ ನಡುವೆ ಹೋಲಿಕೆ ನಡೆಯಬೇಕಾದದ್ದು ಮುಖ್ಯವಾಗಿ ವಿಚಾರದ ಸ್ಪಷ್ಟತೆಯ ಮೇಲೆ. ಕಟ್ಟಿದ ಗುಣಮಟ್ಟಕ್ಕೆ ಎಷ್ಟು ತೂಕ ಕೊಡಬೇಕೆಂಬುದು ಮಾದರಿ ಎಷ್ಟು ದೂರ ಪ್ರಯಾಣ ಮಾಡಬೇಕು ಮತ್ತು ದಿನಕ್ಕೆ ಎಷ್ಟು ಬಾರಿ ಓಡಬೇಕು ಎಂಬುದರ ಮೇಲೆ ನಿಂತಿದೆ.

ಸ್ಪಷ್ಟತೆಯನ್ನು ಫೋಟೊದಲ್ಲಿ ಅಳೆಯಲು ಒಂದು ಸರಳ ಉಪಾಯವಿದೆ. ಶಕ್ತಿ ಮಾದರಿಯೊಳಗೆ ಎಲ್ಲಿಂದ ಬರುತ್ತದೆ ಎಂಬುದನ್ನು ಗುರುತಿಸಿ, ಅಲ್ಲಿಂದ ಅದು ಕೊನೆಯಲ್ಲಿ ತೋರಿಸುವ ಪರಿಣಾಮದವರೆಗೆ ಚಿತ್ರದ ಮೇಲೆ ಬೆರಳಿಟ್ಟು ಸಾಗಬೇಕು. ಕೈ ಒತ್ತುತ್ತದೆ, ನೀರು ಸರಿಯುತ್ತದೆ, ತೋಳು ಏಳುತ್ತದೆ: ಹೀಗೆ ಬೆರಳು ಎಲ್ಲಿಯೂ ತಡೆಯಿಲ್ಲದೆ ಸಾಗಿದರೆ ಪ್ರದರ್ಶನಕ್ಕೆ ಬರುವ ಆರನೇ ತರಗತಿಯ ಮಗುವೂ ಅದನ್ನು ಅರ್ಥಮಾಡಿಕೊಳ್ಳುತ್ತದೆ. ಬೆರಳು ಒಂದು ಬಣ್ಣ ಬಳಿದ ಡಬ್ಬಿಯ ಬಳಿ ನಿಂತುಹೋದರೆ, ಆ ಡಬ್ಬಿಯೊಳಗೆ ಏನಿದೆ ಎಂದು ಕೇಳಲೇಬೇಕು. ಎಷ್ಟೋ ಬಾರಿ ಅಲ್ಲಿ ಮುಚ್ಚಿಟ್ಟ ಬ್ಯಾಟರಿಯೇ ಇರುತ್ತದೆ.

ಹೋಲಿಸುವ ಮೊದಲು ಎಲ್ಲ ಮಕ್ಕಳಿಂದಲೂ ಒಂದೇ ಬಗೆಯ ಚಿತ್ರಗಳನ್ನು ತರಿಸಿಕೊಳ್ಳುವುದು ನ್ಯಾಯ. ಒಬ್ಬರು ಹಿತ್ತಲಿನ ಬಿಸಿಲಿನಲ್ಲಿ, ಇನ್ನೊಬ್ಬರು ಟ್ಯೂಬ್‌ಲೈಟಿನ ಕೆಳಗೆ ತೆಗೆದ ಫೋಟೊಗಳಲ್ಲಿ ಹೆಚ್ಚಾಗಿ ಹೋಲಿಕೆಯಾಗುವುದು ಬೆಳಕೇ. ಎದುರಿನಿಂದ ಒಂದು, ಪಕ್ಕದಿಂದ ಒಂದು, ತಳವನ್ನೋ ಹಿಂಭಾಗವನ್ನೋ ತೋರಿಸುವ ಒಂದು, ನಡೆಯುವ ಮೊದಲಿನದು ಮತ್ತು ನಡೆದ ಮೇಲಿನದು ಒಂದೊಂದು, ಇಷ್ಟು ಸಾಕು. ಪಕ್ಕದಲ್ಲಿ ಒಂದು ಸ್ಕೇಲ್ ಇಡಲು ಹೇಳಿ. ಅದರ ಪ್ರಯೋಜನ ಮುಂದೆ ತಿಳಿಯುತ್ತದೆ. ಹಿಂಭಾಗದ ಚಿತ್ರ ಕೇಳಿದಾಗ ಮಗು ಹಿಂಜರಿದರೆ ಅದನ್ನೂ ಗಮನಿಸಿಕೊಳ್ಳಬೇಕು.

ಸಿರಿಂಜಿನ ಹೈಡ್ರಾಲಿಕ್ ತೋಳು

ರಟ್ಟಿನಿಂದ ಮಾಡಿದ ತೋಳು ಅಥವಾ ಜೆಸಿಬಿ, ಅದಕ್ಕೆ ಕಟ್ಟಿದ ಸಿರಿಂಜ್‌ಗಳು, ಅವುಗಳಿಂದ ಹೊರಟ ಸಲೈನ್ ಕೊಳವೆ, ಕೊಳವೆಯ ಇನ್ನೊಂದು ತುದಿಯಲ್ಲಿ ಕೈಯಿಂದ ಒತ್ತುವ ಸಿರಿಂಜ್: ಈ ಮಾದರಿಯನ್ನು ನೋಡದವರು ಕಡಿಮೆ. ತೀರಾ ಸಾಮಾನ್ಯವಾಗಿಬಿಟ್ಟಿದೆ ಎಂದು ತೀರ್ಪುಗಾರರು ಮೂಗು ಮುರಿಯುವುದುಂಟು. ಆದರೆ ಸ್ಪಷ್ಟತೆಯ ವಿಷಯದಲ್ಲಿ ಇದಕ್ಕೆ ಸರಿಸಾಟಿ ಕಡಿಮೆ, ಏಕೆಂದರೆ ಶಕ್ತಿಯ ಹಾದಿಯೆಲ್ಲ ಪಾರದರ್ಶಕ ಕೊಳವೆಯೊಳಗೆ ಕಾಣುತ್ತದೆ. ಪ್ರತಿ ಜೋಡಿ ಸಿರಿಂಜಿಗೆ ಬೇರೆ ಬೇರೆ ಬಣ್ಣದ ನೀರು ತುಂಬಿದ್ದರೆ ಯಾವುದನ್ನು ಒತ್ತಿದಾಗ ಯಾವ ಕೀಲು ಅಲುಗಾಡುತ್ತದೆ ಎಂಬುದು ಫೋಟೊದಲ್ಲಿಯೇ ತಿಳಿಯುತ್ತದೆ. ಆ ಬಣ್ಣವನ್ನು ನಾನು ಅಲಂಕಾರವೆಂದು ಎಣಿಸುವುದಿಲ್ಲ. ಅದು ವಿವರಣೆಯ ಭಾಗ.

ಈ ಮಾದರಿಯ ಸತ್ಯಾಸತ್ಯತೆಯನ್ನು ಫೋಟೊದಿಂದಲೇ ಪರೀಕ್ಷಿಸಬಹುದೆಂಬುದು ಇದರ ಇನ್ನೊಂದು ಅನುಕೂಲ. ಸಿರಿಂಜಿನ ಮೇಲೆ ಮಿಲಿಲೀಟರ್ ಗುರುತುಗಳಿರುತ್ತವೆ. ಎರಡು 10 ಮಿ.ಲೀ. ಸಿರಿಂಜ್‌ಗಳ ಜೋಡಿಯಲ್ಲಿ, ಒತ್ತುವ ಮೊದಲಿನ ಚಿತ್ರದಲ್ಲಿ ಕೈಯ ಸಿರಿಂಜ್ 8 ಎಂದೂ ತೋಳಿನ ಸಿರಿಂಜ್ 2 ಎಂದೂ ತೋರಿಸುತ್ತಿದೆ ಎನ್ನೋಣ. ಎರಡೂ ಸೇರಿ 10. ಒತ್ತಿದ ಮೇಲಿನ ಚಿತ್ರದಲ್ಲಿ ಅವು 3 ಮತ್ತು 7 ಆಗಿದ್ದರೆ ಮೊತ್ತ ಮತ್ತೆ 10, ಅಂದರೆ ನೀರು ಎಲ್ಲಿಯೂ ಕಳೆದುಹೋಗಿಲ್ಲ. ಅದೇ 3 ಮತ್ತು 5 ಆಗಿದ್ದರೆ ಎರಡು ಮಿ.ಲೀ. ಲೆಕ್ಕಕ್ಕೆ ಸಿಗುತ್ತಿಲ್ಲ. ಒಂದೋ ಕೊಳವೆಯ ಸಂದಿಯಲ್ಲಿ ನೀರು ಸೋರಿದೆ, ಇಲ್ಲವೇ ಒಳಗೆ ಗಾಳಿಯ ಗುಳ್ಳೆ ಸೇರಿಕೊಂಡು ಒತ್ತಡಕ್ಕೆ ಕುಗ್ಗುತ್ತಿದೆ. ನೀರು ಕುಗ್ಗುವುದು ಗಣನೆಗೆ ಬಾರದಷ್ಟು ಅಲ್ಪ, ಗಾಳಿ ಮಾತ್ರ ಸುಲಭವಾಗಿ ಕುಗ್ಗುತ್ತದೆ. ಗುಳ್ಳೆಯಿರುವ ತೋಳು ಒತ್ತಿದ ಕೂಡಲೇ ಏಳದೆ ತಡವಾಗಿ ಸ್ಪಂಜಿನಂತೆ ಅಲುಗುತ್ತದೆ. ಸಿರಿಂಜ್‌ಗಳನ್ನೂ ಕೊಳವೆಯನ್ನೂ ನೀರಿನ ಬಕೆಟ್ಟಿನೊಳಗೆ ಮುಳುಗಿಸಿಟ್ಟುಕೊಂಡೇ ಜೋಡಿಸಿದರೆ ಗುಳ್ಳೆ ಉಳಿಯುವುದಿಲ್ಲ. ಇದು ಹತ್ತು ನಿಮಿಷದ ರಿಪೇರಿ, ಆದ್ದರಿಂದ ಈ ಒಂದು ದೋಷಕ್ಕಾಗಿ ಮಾದರಿಯನ್ನು ತಿರಸ್ಕರಿಸಬೇಕಾಗಿಲ್ಲ.

ಒಂದೇ ಅಳತೆಯ ಸಿರಿಂಜ್‌ಗಳನ್ನು ಬಳಸಿದ ತೋಳಿಗಿಂತ ಬೇರೆ ಬೇರೆ ಅಳತೆಯವನ್ನು ಬಳಸಿದ ತೋಳು ವಿಚಾರದಲ್ಲಿ ಒಂದು ಮೆಟ್ಟಿಲು ಮೇಲೆ. 5 ಮಿ.ಲೀ. ಸಿರಿಂಜಿನ ಒಳವ್ಯಾಸ ಸುಮಾರು 12 ಮಿ.ಮೀ., 20 ಮಿ.ಲೀ. ಸಿರಿಂಜಿನದು ಸುಮಾರು 20 ಮಿ.ಮೀ. ಇರುತ್ತದೆ ಎಂದಿಟ್ಟುಕೊಂಡರೆ, ಅಡ್ಡಕೊಯ್ತದ ವಿಸ್ತೀರ್ಣಗಳ ಅನುಪಾತ 20ರ ವರ್ಗ ಭಾಗಿಸು 12ರ ವರ್ಗ, ಅಂದರೆ ಸುಮಾರು 2.8. ಚಿಕ್ಕದನ್ನು ಒತ್ತಿದ ಬಲ ದೊಡ್ಡದರಲ್ಲಿ 2.8 ಪಟ್ಟಾಗಿ ಹೊರಬರುತ್ತದೆ. ರಬ್ಬರಿನ ಘರ್ಷಣೆಯಿಂದ ವಾಸ್ತವದಲ್ಲಿ ಇದಕ್ಕಿಂತ ಕಡಿಮೆಯೇ ಸಿಗುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಅಷ್ಟೇ ಕಣ್ಣಿಗೆ ಕಾಣುತ್ತದೆ: ಚಿಕ್ಕ ಪಿಸ್ಟನ್ 35 ಮಿ.ಮೀ. ಒಳಗೆ ಹೋದರೆ ದೊಡ್ಡದು ಸರಿಯುವುದು 13 ಮಿ.ಮೀ.ನಷ್ಟು ಮಾತ್ರ. ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದ ಎರಡು ಚಿತ್ರಗಳಲ್ಲಿ ಈ ಎರಡೂ ಚಲನೆಗಳನ್ನು ಅಳೆದು ತೋರಿಸಿದ ಮಗು, ದ್ರವಕ್ಕೆ ಕೊಟ್ಟ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ಪ್ಯಾಸ್ಕಲನ ನಿಯಮವನ್ನು ಬಾಯಿಪಾಠ ಮಾಡಿಲ್ಲ, ನೋಡಿ ತಿಳಿದುಕೊಂಡಿದೆ ಎಂದು ನಂಬಬಹುದು.

ಕಟ್ಟಿದ ಗುಣಮಟ್ಟಕ್ಕೆ ಬಂದರೆ ಫೋಟೊದಲ್ಲಿ ಮೊದಲು ನೋಡಬೇಕಾದದ್ದು ಸಿರಿಂಜ್ ತೋಳಿಗೆ ಸೇರುವ ಜಾಗ. ತೋಳು ಮೇಲೆದ್ದಂತೆ ಸಿರಿಂಜಿನ ಓರೆಯೂ ಬದಲಾಗಬೇಕಾಗುತ್ತದೆ, ಹಾಗಾಗಿ ಅದರ ಎರಡೂ ತುದಿಗಳು ಮೊಳೆಯ ಮೇಲೋ ಕಡ್ಡಿಯ ಮೇಲೋ ತಿರುಗುವಂತಿರಬೇಕು. ಸಿರಿಂಜಿನ ಮೈಯನ್ನು ಗ್ಲೂ ಗನ್ನಿನ ಅಂಟಿನಿಂದ ರಟ್ಟಿಗೆ ಗಟ್ಟಿಯಾಗಿ ಮೆತ್ತಿದ್ದರೆ, ಮೊದಲ ದಿನ ಅದು ನಡೆಯುತ್ತದೆ. ನೂರಾರು ಮಕ್ಕಳು ಒತ್ತಿ ನೋಡುವ ಪ್ರದರ್ಶನದ ದಿನ ಪಿಸ್ಟನ್ ಬಾಗುತ್ತದೆ ಅಥವಾ ನುಣುಪಾದ ಪ್ಲಾಸ್ಟಿಕ್ಕಿನಿಂದ ಅಂಟು ಹಪ್ಪಳದಂತೆ ಎದ್ದುಬರುತ್ತದೆ. ಅಂಟಿನ ದೊಡ್ಡ ದೊಡ್ಡ ಉಂಡೆಗಳು ಚಿತ್ರದಲ್ಲಿ ಕಂಡರೆ ಅವು ಬಲದ ಗುರುತಲ್ಲ, ಆ ಕೀಲು ಒಮ್ಮೆ ಬಿಟ್ಟುಹೋಗಿ ಮತ್ತೆ ಮೆತ್ತಿಸಿಕೊಂಡಿದೆ ಎಂಬುದರ ಗುರುತಾಗಿರುವ ಸಂಭವವೇ ಹೆಚ್ಚು. ಕೇಬಲ್ ಟೈ ಬಳಸಿದ ಜೋಡಣೆ ನೋಡಲು ಒರಟಾದರೂ ಹೆಚ್ಚು ಬಾಳುತ್ತದೆ. ರಟ್ಟಿನ ಅಂಚನ್ನೂ ದೊಡ್ಡದು ಮಾಡಿ ನೋಡಿ: ಒಳಗಿನ ಅಲೆಯಂಥ ಪದರದ ಗೆರೆಗಳು ತೋಳಿನ ಉದ್ದಕ್ಕೆ ಸಾಗಿದ್ದರೆ ತೋಳು ಬಿಗಿಯಾಗಿರುತ್ತದೆ, ಅಡ್ಡಲಾಗಿದ್ದರೆ ಭಾರ ಬಿದ್ದಾಗ ಆ ಗೆರೆಯಲ್ಲಿಯೇ ಮಡಚಿಕೊಳ್ಳುತ್ತದೆ.

ಸುರಕ್ಷತೆಯಲ್ಲಿ ಇಲ್ಲಿ ವಿದ್ಯುತ್ತೂ ಇಲ್ಲ, ಬೆಂಕಿಯೂ ಇಲ್ಲ. ಸೂಜಿ ಒಂದೂ ಇರಬಾರದು. ಸಿರಿಂಜ್‌ಗಳು ಔಷಧಿ ಅಂಗಡಿಯಿಂದ ಹೊಸದಾಗಿ ಕೊಂಡವಾಗಿರಬೇಕು, ಆಸ್ಪತ್ರೆಯಲ್ಲಿ ಬಳಸಿ ಬಿಸಾಡಿದವನ್ನು ತೊಳೆದೂ ತರಬಾರದು. ಕೊಳವೆಗೂ ಇದೇ ಮಾತು. ಹೊಸ ಸಾಮಗ್ರಿಯನ್ನೇ ಕೊಂಡರೂ ಈ ಮಾದರಿ ಕೆಲವು ನೂರು ರೂಪಾಯಿಗಳೊಳಗೆ ಮುಗಿಯುತ್ತದೆ.

ಜಲವಿದ್ಯುತ್ ಚಕ್ರ

ಕರ್ನಾಟಕದ ಮಕ್ಕಳಿಗೆ ಈ ಮಾದರಿಯ ಮೇಲೆ ಇರುವ ಒಲವು ಸಹಜವಾದದ್ದು. ಶಿವನಸಮುದ್ರದಲ್ಲಿ 1902ರಲ್ಲಿಯೇ ಕಾವೇರಿಯ ನೀರಿನಿಂದ ವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು, ಜೋಗದ ಚಿತ್ರವಂತೂ ಎಲ್ಲರ ಕಣ್ಣಲ್ಲಿದೆ. ಹಾಗಾಗಿ ಥರ್ಮಾಕೋಲಿನ ಬೆಟ್ಟ, ನೀಲಿ ಬಣ್ಣದ ಅಣೆಕಟ್ಟು, ಪ್ಲಾಸ್ಟಿಕ್ ಚಮಚಗಳ ಚಕ್ರ, ಕೆಳಗಿನ ಊರಿನಲ್ಲಿ ಸಾಲು ಸಾಲು ದೀಪಗಳು ಇರುವ ಫೋಟೊ ಬಂದಾಗ ಮನಸ್ಸು ಅದರ ಕಡೆಗೇ ವಾಲುತ್ತದೆ. ಆದರೆ ಈ ಮೂರರಲ್ಲಿ ನಿಜವಾಗಿ ನಡೆಸಲು ಅತ್ಯಂತ ಕಷ್ಟವಾದದ್ದು ಇದೇ, ಸುಳ್ಳನ್ನು ಬಚ್ಚಿಡಲು ಅತ್ಯಂತ ಸುಲಭವಾದದ್ದೂ ಇದೇ.

ಕಾರಣ ತಿಳಿಯಲು ಒಂದು ಚಿಕ್ಕ ಲೆಕ್ಕ ಮಾಡೋಣ. ಪಕ್ಕದಲ್ಲಿಟ್ಟ ಸ್ಕೇಲಿನ ನೆರವಿನಿಂದ ನೀರಿನ ಮಟ್ಟ ಚಕ್ರಕ್ಕಿಂತ ಅರ್ಧ ಮೀಟರ್ ಮೇಲಿದೆ ಎಂದು ಚಿತ್ರದಲ್ಲಿ ಕಂಡಿತು ಎನ್ನೋಣ. ನೀರು ಸೆಕೆಂಡಿಗೆ 100 ಮಿ.ಲೀ. ಹರಿದರೆ, ಅಂದರೆ 0.1 ಕಿಲೋಗ್ರಾಂ ಬಿದ್ದರೆ, ಅದು ಕೊಡಬಹುದಾದ ಗರಿಷ್ಠ ಶಕ್ತಿ 0.1 ಗುಣಿಸು 9.8 ಗುಣಿಸು 0.5, ಸುಮಾರು ಅರ್ಧ ವ್ಯಾಟ್. ಈ ಹರಿವಿಗೆ ಐದು ಲೀಟರಿನ ಬಕೆಟ್ 50 ಸೆಕೆಂಡಿನಲ್ಲಿ ಖಾಲಿಯಾಗುತ್ತದೆ ಎಂಬುದನ್ನೂ ನೆನಪಿಡಬೇಕು. ನೀರು ಚಿಮ್ಮಿ ವ್ಯರ್ಥವಾಗುವುದು, ಅಚ್ಚಿನ ಘರ್ಷಣೆ, ಮೋಟರಿನೊಳಗಿನ ನಷ್ಟ ಎಲ್ಲ ಕಳೆದು ಹತ್ತನೇ ಒಂದು ಭಾಗ ಉಳಿದರೆ ಅದೇ ದೊಡ್ಡದು. ಆ 0.05 ವ್ಯಾಟಿನಲ್ಲಿ ಒಂದು ಕೆಂಪು ಎಲ್‌ಇಡಿ ಚೆನ್ನಾಗಿ ಬೆಳಗುತ್ತದೆ, ಏಕೆಂದರೆ ಅದಕ್ಕೆ ಬೇಕಾದದ್ದು ಸುಮಾರು 0.04 ವ್ಯಾಟ್. ಅದೇ ಹತ್ತು ಬಿಳಿ ಎಲ್‌ಇಡಿಗಳು ಪೂರ್ತಿ ಪ್ರಕಾಶದಲ್ಲಿ ಬೆಳಗಲು ಸುಮಾರು 0.6 ವ್ಯಾಟ್ ಬೇಕು. ಒಂದು ಹನಿ ಶಕ್ತಿಯೂ ನಷ್ಟವಾಗದಿದ್ದರೂ ಈ ನೀರಿನಿಂದ ಅದು ಸಾಧ್ಯವಿಲ್ಲ. ಆದ್ದರಿಂದ ಊರೆಲ್ಲ ಜಗಮಗಿಸುವ ಫೋಟೊಕ್ಕಿಂತ ಒಂದೇ ಒಂದು ಕೆಂಪು ದೀಪ ಮಂಕಾಗಿ ಉರಿಯುವ ಫೋಟೊಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ವೋಲ್ಟೇಜಿನ ತೊಡಕು ಇನ್ನೊಂದು. ಆಟಿಕೆಯ ಚಿಕ್ಕ ಡಿಸಿ ಮೋಟರನ್ನು ಹೊರಗಿನಿಂದ ತಿರುಗಿಸಿದರೆ ಅದು ಡೈನಮೊ ಆಗುತ್ತದೆ, ಆದರೆ ಅದು ಹುಟ್ಟಿಸುವ ವೋಲ್ಟೇಜ್ ತಿರುಗುವ ವೇಗಕ್ಕೆ ತಕ್ಕಂತೆ ಇರುತ್ತದೆ. 6 ವೋಲ್ಟಿಗೆ ನಿಮಿಷಕ್ಕೆ 6000 ಸುತ್ತು ತಿರುಗುವ ಮೋಟರ್ ಎಂದಿಟ್ಟುಕೊಂಡರೆ, ಚಮಚದ ಚಕ್ರದ ಅಚ್ಚಿಗೆ ಅದನ್ನು ನೇರವಾಗಿ ಸಿಕ್ಕಿಸಿ ನಿಮಿಷಕ್ಕೆ 200 ಸುತ್ತು ತಿರುಗಿಸಿದಾಗ ಸಿಗುವುದು 0.2 ವೋಲ್ಟ್. ಕೆಂಪು ಎಲ್‌ಇಡಿಗೆ ಕನಿಷ್ಠ 1.8 ವೋಲ್ಟಿನಷ್ಟು ಬೇಕು, ಬಿಳಿಯದಕ್ಕೆ 3 ವೋಲ್ಟ್ ಹತ್ತಿರ. ಹಾಗಾಗಿ ಚಕ್ರಕ್ಕೂ ಮೋಟರಿಗೂ ನಡುವೆ ವೇಗ ಹೆಚ್ಚಿಸುವ ಏರ್ಪಾಡು ಇರಲೇಬೇಕು: ದೊಡ್ಡ ರಾಟೆಯಿಂದ ಚಿಕ್ಕ ರಾಟೆಗೆ ರಬ್ಬರ್ ಬ್ಯಾಂಡ್, ಅಥವಾ ರೊಬಾಟ್ ಕಿಟ್ಟುಗಳಲ್ಲಿ ಬರುವ ಹಳದಿ ಬಣ್ಣದ ಗೇರ್ ಮೋಟರ್. ಪಕ್ಕದಿಂದ ತೆಗೆದ ಚಿತ್ರದಲ್ಲಿ ಇವೆರಡರಲ್ಲಿ ಒಂದೂ ಕಾಣದೆ, ದೀಪ ಮಾತ್ರ ಉರಿಯುತ್ತಿದ್ದರೆ, ಮೋಟರಿನಿಂದ ಹೊರಟ ತಂತಿಗಳನ್ನು ಎಣಿಸಿ. ದೀಪಕ್ಕೆ ಎರಡು ತಂತಿ ಸಾಕು. ಮೂರನೆಯದು ಬೆಟ್ಟದೊಳಗೆ ನುಸುಳಿದ್ದರೆ ಬೆಟ್ಟವನ್ನು ಎತ್ತಿ ಇನ್ನೊಂದು ಫೋಟೊ ಕಳಿಸಲು ಹೇಳಬೇಕು. ಮನೆಯೊಳಗಿನ ಸಾಮಾನ್ಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಮೊಬೈಲಿನಿಂದ ತೆಗೆದ ಚಿತ್ರದಲ್ಲಿ ತಿರುಗುತ್ತಿರುವ ಚಕ್ರ ಸ್ವಲ್ಪ ಮಸುಕಾಗಿಯೇ ಬೀಳುತ್ತದೆ. ಚಮಚಗಳ ಅಂಚು ಚೂಪಾಗಿ ಕಾಣುತ್ತಿದ್ದು ದೀಪ ಹೊತ್ತಿಕೊಂಡಿದ್ದರೆ ಅದೂ ಒಂದು ಸಂಶಯವೇ.

ಸುರಕ್ಷತೆಯ ಹೊಸ್ತಿಲಿನಲ್ಲಿ ಈ ಮಾದರಿ ಎಡವುವುದು ಪಂಪಿನ ದೆಸೆಯಿಂದ. ಕೆಳಗೆ ಬಿದ್ದ ನೀರನ್ನು ಮತ್ತೆ ಮೇಲೆ ಹತ್ತಿಸಲು ಏರ್ ಕೂಲರಿನ 230 ವೋಲ್ಟ್ ಪಂಪನ್ನು ನೀರಿನೊಳಗೆ ಇಟ್ಟು, ಅದರ ವೈರನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿ, ಆ ಬೋರ್ಡನ್ನು ನೀರು ಚೆಲ್ಲುವ ಮೇಜಿನ ಕೆಳಗೇ ಇಡುತ್ತಾರೆ. ಮಕ್ಕಳು ಒದ್ದೆ ಕೈಯಿಂದ ಚಕ್ರ ಮುಟ್ಟುವ ಜಾಗ ಅದು. ಅಂಥ ಫೋಟೊ ಬಂದರೆ ಪಂಪ್ ತೆಗೆದ ಮೇಲೆಯೇ ಮುಂದಿನ ಮಾತು. ಹಾಗೆ ತೆಗೆದರೆ ನಷ್ಟವೂ ಇಲ್ಲ, ಏಕೆಂದರೆ ಹತ್ತಾರು ವ್ಯಾಟ್ ನುಂಗುವ ಪಂಪ್ ಒಂದು ಎಲ್‌ಇಡಿ ಬೆಳಗಿಸುವುದನ್ನು ನೋಡಿದ ಮಗುವಿಗೆ ವಿದ್ಯುತ್ತು ಪಂಪಿನಿಂದ ಬಂತೋ ನೀರಿನಿಂದ ಬಂತೋ ಎಂಬ ಗೊಂದಲವೇ ಉಳಿಯುತ್ತದೆ. ಸ್ಟೂಲಿನ ಮೇಲೆ ನಲ್ಲಿಯಿರುವ ಬಕೆಟ್, ಕೆಳಗೊಂದು ಟಬ್, ಒಂದು ಚೊಂಬು ಇದ್ದರೆ ಸಾಕು. ನೀರನ್ನು ಕೈಯಿಂದ ಮೇಲೆತ್ತುವಾಗ ಎತ್ತರಕ್ಕೆ ಏರಿಸಿದ ನೀರಿನಲ್ಲಿ ಶಕ್ತಿಯಿದೆ ಎಂಬುದು ಎತ್ತಿದವರ ತೋಳಿಗೇ ಗೊತ್ತಾಗುತ್ತದೆ.

ಖರ್ಚು ತೋಳಿಗಿಂತ ಸ್ವಲ್ಪ ಹೆಚ್ಚು, ಆದರೆ ಅಸಲಿ ಖರ್ಚು ಸಮಯದ್ದು. ಚಕ್ರ ಓಲಾಡದಂತೆ ಅಚ್ಚು ಕೂರಿಸುವುದು, ಬ್ಯಾಂಡ್ ಜಾರದಂತೆ ರಾಟೆಗಳನ್ನು ಒಂದೇ ನೇರಕ್ಕೆ ತರುವುದು, ನೀರು ಚಮಚದ ಸರಿಯಾದ ಜಾಗಕ್ಕೆ ಬೀಳುವಂತೆ ಹೊಂದಿಸುವುದು, ಇವೆಲ್ಲ ಒಂದೇ ಸಂಜೆಯಲ್ಲಿ ಆಗುವ ಕೆಲಸಗಳಲ್ಲ. ಪ್ರದರ್ಶನಕ್ಕೆ ಒಂದು ವಾರವಷ್ಟೇ ಇದ್ದರೆ ಈ ಮಾದರಿಗೆ ಹೊಸದಾಗಿ ಕೈಹಾಕಬಾರದು.

ಟ್ಯಾಂಕಿನ ನೀರಿನ ಅಲಾರಂ

ನೀರು ತುಂಬಿದಾಗ ಬಜರ್ ಕೂಗುವ ಈ ಮಾದರಿಯಲ್ಲಿ ಒಂದು 9 ವೋಲ್ಟಿನ ಬ್ಯಾಟರಿ, ಬಿಸಿ 547 ಎಂಬ ಟ್ರಾನ್ಸಿಸ್ಟರ್, ಒಂದೆರಡು ರೆಸಿಸ್ಟರ್, ಒಂದು ಬಜರ್, ನೀರಿಗೆ ಇಳಿಬಿಟ್ಟ ಎರಡು ತಂತಿ, ಇಷ್ಟೇ ಇರುತ್ತವೆ. ನೀರು ಎರಡೂ ತಂತಿಗಳ ತುದಿಯನ್ನು ಮುಟ್ಟಿದಾಗ ಅದರ ಮೂಲಕ ಅತಿ ಚಿಕ್ಕ ವಿದ್ಯುತ್ ಪ್ರವಾಹ ಟ್ರಾನ್ಸಿಸ್ಟರಿನ ಬೇಸ್‌ಗೆ ಹೋಗುತ್ತದೆ, ಅದು ಬಜರಿಗೆ ಹೋಗುವ ದೊಡ್ಡ ಪ್ರವಾಹದ ಬಾಗಿಲು ತೆರೆಯುತ್ತದೆ. ಮೂರರಲ್ಲಿ ನಿತ್ಯದ ಬದುಕಿಗೆ ಅತಿ ಹತ್ತಿರವಾದದ್ದು ಇದು, ಬೆಲೆಯಲ್ಲಿಯೂ ಅಗ್ಗ. ಬ್ಯಾಟರಿಯಿಂದಲೇ ನಡೆಯುವುದರಿಂದ ಸುರಕ್ಷತೆಯ ತಕರಾರೂ ಕಡಿಮೆ.

ಕೊರತೆ ಇರುವುದು ಸ್ಪಷ್ಟತೆಯಲ್ಲಿ. ಶಕ್ತಿಯ ಹಾದಿಯಲ್ಲಿ ಬೆರಳಿಟ್ಟು ಸಾಗಿದರೆ ನೀರಿನವರೆಗೆ ತೊಂದರೆಯಿಲ್ಲ, ಬಜರಿನಲ್ಲಿಯೂ ತೊಂದರೆಯಿಲ್ಲ. ನಡುವೆ ಕಡಲೆಕಾಳಿಗಿಂತ ಚಿಕ್ಕದಾದ ಕಪ್ಪು ಟ್ರಾನ್ಸಿಸ್ಟರಿನ ಬಳಿ ಬೆರಳು ನಿಂತುಬಿಡುತ್ತದೆ. ಇದನ್ನು ಸರಿಪಡಿಸಿದ ಮಾದರಿಗೂ ಸರಿಪಡಿಸದ ಮಾದರಿಗೂ ಫೋಟೊದಲ್ಲಿ ಅಜಗಜಾಂತರ ಕಾಣುತ್ತದೆ. ಪಾರದರ್ಶಕ ಡಬ್ಬಿಯಲ್ಲಿ ಕೆಳಗೆ, ನಡುವೆ, ಮೇಲೆ ಎಂದು ಮೂರು ಮಟ್ಟಗಳಿಗೆ ಮೂರು ಬಣ್ಣದ ದೀಪಗಳನ್ನು ಇಟ್ಟು, ಸರ್ಕ್ಯೂಟನ್ನು ಮುಚ್ಚಿಡದೆ ಹಲಗೆಯ ಮೇಲೆ ಹರಡಿ, ಪಕ್ಕದಲ್ಲಿ ಅದರದೇ ದೊಡ್ಡ ರೇಖಾಚಿತ್ರ ಬರೆದಿದ್ದರೆ ವಿಚಾರ ತಾನಾಗಿ ತೆರೆದುಕೊಳ್ಳುತ್ತದೆ. ಅಂಗಡಿಯಿಂದ ತಂದ ಸಿದ್ಧ ಬೋರ್ಡನ್ನು ಡಬ್ಬಿಗೆ ಅಂಟಿಸಿದ್ದರೆ ಅದು ಕೊಂಡ ವಸ್ತುವಿನ ಪ್ರದರ್ಶನವಾಗುತ್ತದೆ.

ಕಟ್ಟುವಿಕೆಯನ್ನು ನೋಡುವಾಗ ಬ್ರೆಡ್‌ಬೋರ್ಡೋ ಬೆಸುಗೆಯೋ ಎಂಬುದನ್ನು ಗಮನಿಸಬೇಕು. ಬ್ರೆಡ್‌ಬೋರ್ಡಿಗೆ ಚುಚ್ಚಿದ ತಂತಿಗಳು ತರಗತಿಯಲ್ಲಿ ಚೆನ್ನಾಗಿದ್ದರೂ ಬಸ್ಸಿನ ಕುಲುಕಾಟದಲ್ಲಿ ಒಂದಾದರೂ ಎದ್ದುಬರುತ್ತದೆ, ಮತ್ತು ಎದ್ದುಬಂದದ್ದು ಯಾವುದೆಂದು ಗಡಿಬಿಡಿಯಲ್ಲಿ ಹುಡುಕುವುದು ಕಷ್ಟ. ದೂರ ಹೋಗಬೇಕಾದ ಮಾದರಿಗೆ ಬೆಸುಗೆಯೇ ಸೂಕ್ತ. ಒಳ್ಳೆಯ ಬೆಸುಗೆ ಹತ್ತಿರದ ಚಿತ್ರದಲ್ಲಿ ತಂತಿಯ ಕಾಲನ್ನು ಬಳಸಿ ಚಿಕ್ಕ ಶಂಕುವಿನಂತೆ ಹರಡಿರುತ್ತದೆ; ಕೆಟ್ಟದ್ದು ಬೋರ್ಡಿಗೆ ಅಂಟದ ಗುಂಡಾದ ಮಣಿಯಂತೆ ಕೂತಿರುತ್ತದೆ. ಬೆಸುಗೆ ಹಾಕುವಾಗ ದೊಡ್ಡವರೊಬ್ಬರು ಜೊತೆಗಿರಬೇಕು, ಸೀಸವಿರುವ ಬೆಸುಗೆ ತಂತಿಯನ್ನು ಮುಟ್ಟಿದ ಕೈಯನ್ನು ತೊಳೆಯದೆ ತಿಂಡಿ ತಿನ್ನಬಾರದು.

ನೀರಿನಲ್ಲಿರುವ ತಾಮ್ರದ ತುದಿಗಳನ್ನೂ ಹಿಗ್ಗಿಸಿ ನೋಡಿ. ಒಂದೇ ದಿಕ್ಕಿನ ಪ್ರವಾಹ ನೀರಿನ ಮೂಲಕ ಹರಿದಾಗ ಧನ ತುದಿಯ ತಾಮ್ರ ನಿಧಾನವಾಗಿ ಸವೆದು ಹಸಿರು ಬಣ್ಣಕ್ಕೆ ತಿರುಗುತ್ತದೆ. ಆ ಹಸಿರು ಒಂದು ದೋಷವೇ ನಿಜ, ಸ್ಟೀಲ್ ಸ್ಕ್ರೂ ಹಾಕಿ ಅದನ್ನು ನಿವಾರಿಸಬೇಕು. ಆದರೆ ಮಾದರಿ ನಿಜವಾಗಿಯೂ ಬಹಳ ಹೊತ್ತು ನಡೆದಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಫೋಟೊದಲ್ಲಿ ಸಿಗುವುದಿಲ್ಲ. ಇನ್ನೊಂದು ವಿಷಯ ಫೋಟೊದಲ್ಲಿ ಕಾಣದು. ನೀರು ವಿದ್ಯುತ್ತನ್ನು ಹಾಯಿಸುವುದು ಅದರಲ್ಲಿ ಕರಗಿದ ಲವಣಗಳಿಂದಾಗಿ. ಕೊಳವೆಬಾವಿಯ ಗಡಸು ನೀರಿನಲ್ಲಿ ಗಟ್ಟಿಯಾಗಿ ಕೂಗುವ ಬಜರ್, ಪ್ರದರ್ಶನದ ಜಾಗದಲ್ಲಿ ಆರ್‌ಒ ಕ್ಯಾನಿನ ನೀರು ತುಂಬಿದಾಗ ಕ್ಷೀಣಿಸಬಹುದು ಅಥವಾ ಮೌನವಾಗಿಬಿಡಬಹುದು. ಚಿಟಿಕೆ ಉಪ್ಪು ಜೊತೆಗಿದ್ದರೆ ತೊಂದರೆ ತಪ್ಪುತ್ತದೆ. ಬುದ್ಧಿವಂತ ಮಗು ಇದನ್ನೇ ಪ್ರಯೋಗವಾಗಿ ತೋರಿಸುತ್ತದೆ: ಒಂದು ಲೋಟದಲ್ಲಿ ಆರ್‌ಒ ನೀರು, ಇನ್ನೊಂದರಲ್ಲಿ ಅದಕ್ಕೇ ಉಪ್ಪು.

ಅಲಾರಂ ಸಾಲದೆಂದು ರಿಲೇ ಎಂಬ ವಿದ್ಯುತ್ ಸ್ವಿಚ್ ಹಾಕಿ ಮನೆಯ 230 ವೋಲ್ಟಿನ ಮೋಟರನ್ನೇ ನಿಲ್ಲಿಸಿ ತೋರಿಸುವ ಮಾದರಿಗಳೂ ಬರುತ್ತವೆ. ವಿಚಾರ ಸೊಗಸಾದದ್ದು, ಆದರೆ ನೀರು ಮತ್ತು ಮೇನ್ಸ್ ಒಂದೇ ಹಲಗೆಯ ಮೇಲಿದ್ದರೆ ಅದನ್ನು ಕಳಿಸಬಾರದು. ಮೋಟರಿನ ಜಾಗದಲ್ಲಿ 5 ವೋಲ್ಟಿನ ಆಟಿಕೆ ಪಂಪ್ ಇಟ್ಟರೆ ತೋರಿಸಬೇಕಾದ್ದೆಲ್ಲವೂ ಉಳಿಯುತ್ತದೆ.

ನೋಡಿದ ಕೂಡಲೇ ಬದಿಗಿಡಬಹುದಾದವು

ಜ್ವಾಲಾಮುಖಿಯ ಫೋಟೊದಲ್ಲಿ ಕಿತ್ತಳೆ ಬಣ್ಣದ ಪುಡಿ ಮತ್ತು ಅದರ ಸುತ್ತ ನಯವಾದ ಹಸಿರು ಬೂದಿ ಕಂಡರೆ ಅದು ಅಮೋನಿಯಂ ಡೈಕ್ರೊಮೇಟ್. ಅದರಲ್ಲಿರುವ ಕ್ರೋಮಿಯಂ ವಿಷಕಾರಿ, ಕ್ಯಾನ್ಸರ್ ತರಬಲ್ಲದು. ಮಕ್ಕಳ ಕೈಗೆ ಬರಲೇಬಾರದ ವಸ್ತು ಅದು, ಇಲ್ಲಿ ತೂಗಿ ನೋಡುವ ಪ್ರಶ್ನೆಯೇ ಇಲ್ಲ. ಅಡುಗೆ ಸೋಡಾ ಮತ್ತು ವಿನೆಗರ್ ಹಾಕಿದ ಜ್ವಾಲಾಮುಖಿ ನಿರಪಾಯಕಾರಿ, ಆದರೆ ಅದು ತೋರಿಸುವುದು ಆಮ್ಲವೂ ಸೋಡಾವೂ ಸೇರಿ ಇಂಗಾಲದ ಡೈಆಕ್ಸೈಡ್ ಹೊರಡುವುದನ್ನು. ಭೂಮಿಯೊಳಗಿನ ಕರಗಿದ ಶಿಲೆ ಮೇಲೇರುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಆಯಸ್ಕಾಂತಗಳನ್ನು ಸುತ್ತಲೂ ಇಟ್ಟ ಕಂಪ್ಯೂಟರ್ ಫ್ಯಾನ್ ಬ್ಯಾಟರಿಯಿಲ್ಲದೆ ತಿರುಗಿ ಬಲ್ಬ್ ಬೆಳಗಿಸುತ್ತದೆ ಎನ್ನುವ ‘ಉಚಿತ ವಿದ್ಯುತ್’ ಮಾದರಿಯಲ್ಲಿ ಬೆರಳಿಡಲು ಆರಂಭದ ಜಾಗವೇ ಸಿಗುವುದಿಲ್ಲ. ಶಕ್ತಿ ಎಲ್ಲಿಂದ ಬಂತೆಂದು ತೋರಿಸಲಾರದ ಮಾದರಿ ಎಷ್ಟು ಅಂದವಾಗಿದ್ದರೂ ಅದನ್ನು ಕಳಿಸುವ ಶಾಲೆ ತೀರ್ಪುಗಾರರ ಮುಂದೆ ಮುಜುಗರಕ್ಕೆ ಸಿಕ್ಕಿಕೊಳ್ಳುತ್ತದೆ.

ನಿಮ್ಮ ಸಂದರ್ಭಕ್ಕೆ ಯಾವುದು

ಆರು ಅಥವಾ ಏಳನೇ ತರಗತಿಯ ಮಕ್ಕಳು ತಾವೇ ಮಾಡಿ ತಾವೇ ವಿವರಿಸಬೇಕೆಂದಿದ್ದರೆ, ಅಥವಾ ಪ್ರದರ್ಶನದ ಜಾಗದಲ್ಲಿ ಕರೆಂಟ್ ಇರುತ್ತದೋ ಇಲ್ಲವೋ ತಿಳಿಯದಿದ್ದರೆ ಸಿರಿಂಜ್ ತೋಳನ್ನು ಆರಿಸಿ. ಎಲ್ಲರೂ ಮಾಡುವ ಮಾದರಿ ಎಂಬ ಆಕ್ಷೇಪವನ್ನು ಬೇರೆ ಬೇರೆ ಅಳತೆಯ ಸಿರಿಂಜ್ ಮತ್ತು ಅಳತೆಯ ಪಟ್ಟಿ ಬಹುಮಟ್ಟಿಗೆ ತೆಗೆದುಹಾಕುತ್ತವೆ. ಹಣವೂ ಸಮಯವೂ ಕಡಿಮೆಯಿದ್ದು ಶಾಲೆಯಲ್ಲಿ ಬೆಸುಗೆ ಹಾಕಲು ಬರುವವರು ಒಬ್ಬರಿದ್ದರೆ ಅಲಾರಂ ಒಳ್ಳೆಯದು. ಅದನ್ನು ವಿವರಿಸುವ ಮಗು ಟ್ರಾನ್ಸಿಸ್ಟರಿನ ಬಗ್ಗೆ ಎರಡು ಮಾತು ಸ್ವಂತವಾಗಿ ಹೇಳಬಲ್ಲುದೇ ಎಂದು ಮೊದಲೇ ಕೇಳಿ ನೋಡಿ. ಒಂದು ತಿಂಗಳ ಸಮಯ, ಮೂರು ನಾಲ್ಕು ಮಕ್ಕಳ ಗುಂಪು, ಕೆಟ್ಟರೆ ಮತ್ತೆ ಕಟ್ಟುವ ತಾಳ್ಮೆ ಇದ್ದಲ್ಲಿ ಮಾತ್ರ ಜಲವಿದ್ಯುತ್ ಚಕ್ರಕ್ಕೆ ಹೋಗಬೇಕು. ಸರಿಯಾಗಿ ಆದರೆ ಅದು ಉಳಿದೆರಡನ್ನೂ ಮೀರಿಸುತ್ತದೆ, ಏಕೆಂದರೆ ನೀರಿನ ಎತ್ತರವನ್ನು ಬದಲಿಸಿ ವೋಲ್ಟೇಜ್ ಅಳೆದು ಮಗು ಸ್ವಂತ ಗ್ರಾಫ್ ಬರೆಯಬಹುದು.

ತೋಳು ಮತ್ತು ಅಲಾರಂ ನಡುವೆ ಮನಸ್ಸು ತೂಗಾಡುತ್ತಿದ್ದರೆ ಇಬ್ಬರಿಂದಲೂ ಇನ್ನೊಂದು ಫೋಟೊ ತರಿಸಿಕೊಳ್ಳಿ: ಮಾದರಿಯನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ, ಸೈಕಲ್ಲಿನ ಕ್ಯಾರಿಯರ್ ಮೇಲೆ ಕಟ್ಟಿ ಊರು ಒಂದು ಸುತ್ತು ಹಾಕಿ ಬಂದು, ಏನನ್ನೂ ಸರಿಪಡಿಸದೆ ಮತ್ತೆ ನಡೆಸುವಾಗ ತೆಗೆದದ್ದು. ತೋಳಿನ ಸಿರಿಂಜ್‌ಗಳ ಮೊತ್ತ ಮೊದಲಿನಷ್ಟೇ ಇದೆಯೇ, ಅಲಾರಂನ ದೀಪಗಳು ಮೂರೂ ಹೊತ್ತುತ್ತವೆಯೇ ಎಂದು ನೋಡಿ, ಕೆಡದೆ ಉಳಿದದ್ದನ್ನು ಕಳಿಸಿ.